ಕ್ಯಾಲೊರಿ ಇಳಿಯುತ್ತದೆ, ಪ್ರೋಟೀನ್ ಇಳಿಯುವುದಿಲ್ಲ: ಒಂದೇ ಅಡುಗೆ, ಮೂರು ತಲೆಮಾರು

ಪ್ರಶ್ನೆ: ನನಗೆ 47 ವರ್ಷ, ಎತ್ತರ 168 ಸೆಂ.ಮೀ., ತೂಕ 74 ಕೆ.ಜಿ. ಇಪ್ಪತ್ತೇಳರಲ್ಲಿ 62 ಕೆ.ಜಿ. ಇದ್ದೆ. ಊಟ ಆಗಿನಷ್ಟೇ, ಆದರೂ ದಪ್ಪಗಾಗುತ್ತಿದ್ದೇನೆ. ಮಗನಿಗೆ 23, ಎಷ್ಟು ತಿಂದರೂ 62 ದಾಟುವುದಿಲ್ಲ. ನಮ್ಮ ತಾಯಿಗೆ 72, ಎತ್ತರ 150 ಸೆಂ.ಮೀ., ಒಂದು ವರ್ಷದಲ್ಲಿ 50ರಿಂದ 46 ಕೆ.ಜಿ.ಗೆ ಇಳಿದಿದ್ದಾರೆ. ಕಾಫಿ, ರಸ್ಕು, ಉಪ್ಪಿಟ್ಟು, ಅರ್ಧ ಮುದ್ದೆ, ಸ್ವಲ್ಪ ಅನ್ನ ಸಾರು, ಇಷ್ಟೇ ಅವರ ಊಟ. ‘ವಯಸ್ಸಾದವರಿಗೆ ಇಷ್ಟು ಸಾಕು’ ಅನ್ನುತ್ತಾರೆ. ಯಾವ ವಯಸ್ಸಿಗೆ ಎಷ್ಟು ಕ್ಯಾಲೊರಿ, ಎಷ್ಟು ಪ್ರೋಟೀನ್ ಬೇಕು? ವಯಸ್ಸಿನಿಂದ ನಿಜವಾಗಿ ವ್ಯತ್ಯಾಸ ಆಗುತ್ತದೆಯೇ? (ತುಮಕೂರಿನ ಓದುಗರು)

ಉತ್ತರ: ಮೊದಲು ನಿಮ್ಮ ಲೆಕ್ಕವನ್ನೇ ಮಾಡೋಣ. ಏನೂ ಮಾಡದೆ ಮಲಗಿದ್ದರೂ ದೇಹ ದಿನಕ್ಕೆ ಸುಡುವ ಶಕ್ತಿಯನ್ನು ಅಂದಾಜು ಮಾಡಲು ಆಹಾರತಜ್ಞರು ಹೆಚ್ಚಾಗಿ ಬಳಸುವ ಸೂತ್ರ ಹೀಗಿದೆ. ಕಿಲೊ ಲೆಕ್ಕದ ತೂಕವನ್ನು 10ರಿಂದ ಗುಣಿಸಿ, ಸೆಂಟಿಮೀಟರ್ ಲೆಕ್ಕದ ಎತ್ತರವನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ಅದರಿಂದ ವಯಸ್ಸಿನ ಐದರಷ್ಟನ್ನು ಕಳೆಯಿರಿ. ಕೊನೆಗೆ ಗಂಡಸಾದರೆ 5 ಸೇರಿಸಬೇಕು, ಹೆಂಗಸಾದರೆ 161 ಕಳೆಯಬೇಕು. ನಮ್ಮವರಿಗೆ ಇದು ತುಸು ಹೆಚ್ಚೇ ತೋರಿಸುತ್ತದೆ, ಆದರೂ ಹೋಲಿಸಿ ನೋಡಲು ಸಾಕು.

ಇಪ್ಪತ್ತೇಳರಲ್ಲಿ ನಿಮಗೆ ಬರುವ ಉತ್ತರ 1540 ಕ್ಯಾಲೊರಿ. ನಲವತ್ತೇಳರಲ್ಲಿ 1560. ಇಪ್ಪತ್ತು ವರ್ಷಕ್ಕೆ ವಯಸ್ಸಿನ ಬಾಬ್ತಿನಲ್ಲಿ 100 ಕ್ಯಾಲೊರಿ ಕಳೆದುಹೋಯಿತು, ಏರಿದ 12 ಕಿಲೊ ತೂಕದ ಬಾಬ್ತಿನಲ್ಲಿ 120 ಸೇರಿತು. ಅಂದರೆ ಮಲಗಿದ್ದಾಗ ನಿಮ್ಮ ದೇಹ ಆಗ ಎಷ್ಟು ಸುಡುತ್ತಿತ್ತೋ ಈಗಲೂ ಹೆಚ್ಚುಕಡಿಮೆ ಅಷ್ಟನ್ನೇ ಸುಡುತ್ತಿದೆ.

ವ್ಯತ್ಯಾಸ ಇರುವುದು ಮುಂದಿನ ಗುಣಾಕಾರದಲ್ಲಿ. ದಿನವಿಡೀ ಕೂತು ಕೆಲಸ ಮಾಡುವವರು ಈ ಸಂಖ್ಯೆಯನ್ನು 1.4ರಿಂದ ಗುಣಿಸಬೇಕು. ಸೈಕಲ್ಲು, ಓಡಾಟ, ಸಂಜೆಯ ಆಟ ಇರುವವರು ಸುಮಾರು 1.75ರಿಂದ. ಗದ್ದೆ ಕೆಲಸ, ಮೂಟೆ ಹೊರುವ ಕೆಲಸದವರಿಗೆ ಅದು 2 ದಾಟುತ್ತದೆ. ನೀವು ಇಪ್ಪತ್ತೇಳರಲ್ಲಿ ಓಡಾಡುತ್ತಿದ್ದ ಹುಡುಗನಾಗಿದ್ದರೆ ಆಗಿನ ಖರ್ಚು ಸುಮಾರು 2700. ಈಗ ಕುರ್ಚಿ ಮತ್ತು ಬೈಕಿನ ನಡುವೆ ದಿನ ಕಳೆಯುತ್ತಿದ್ದರೆ 2180. ಆ 500ರ ಅಂತರ ನಿಮ್ಮ ದಿನಚರಿಯದು. ವಯಸ್ಸಿನ ಪಾಲು ಅದರಲ್ಲಿ ತೀರ ಸಣ್ಣದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ‘ನಲವತ್ತಾದ ಮೇಲೆ ಮೆಟಬಾಲಿಸಂ ಬಿದ್ದುಹೋಗುತ್ತದೆ’ ಎಂಬ ಮಾತು ಎಲ್ಲ ಕಡೆ ಇದೆ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಇದನ್ನು ನೇರವಾಗಿ ಅಳೆಯಿತು. 29 ದೇಶಗಳ 6,400ಕ್ಕೂ ಹೆಚ್ಚು ಜನ, ಎಂಟು ದಿನದ ಕೂಸಿನಿಂದ 95 ವರ್ಷದವರವರೆಗೆ. ಭಾರವಾದ ಹೈಡ್ರೋಜನ್ ಮತ್ತು ಆಮ್ಲಜನಕ ಇರುವ ನೀರು ಕುಡಿಸಿ, ಅವು ದೇಹದಿಂದ ಯಾವ ವೇಗದಲ್ಲಿ ಹೊರಹೋಗುತ್ತವೆ ಎಂಬುದನ್ನು ಮೂತ್ರದಲ್ಲಿ ನೋಡಿ, ನಿಜ ಜೀವನದ ಖರ್ಚನ್ನು ಲೆಕ್ಕ ಹಾಕುವ ವಿಧಾನ ಅದು. ದೇಹದ ಗಾತ್ರ, ಕೊಬ್ಬು ಮತ್ತು ಮಾಂಸದ ಪ್ರಮಾಣವನ್ನು ಸರಿದೂಗಿಸಿ ನೋಡಿದಾಗ 20ರಿಂದ 60ರವರೆಗೆ ಖರ್ಚಿನ ಗೆರೆ ಸಮತಟ್ಟು. ಹೆಂಗಸರ ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಅದು ದಿಢೀರನೆ ಕುಸಿಯಲಿಲ್ಲ. 60ರ ನಂತರ ಮಾತ್ರ ವರ್ಷಕ್ಕೆ ಸುಮಾರು ಶೇ. 0.7ರಂತೆ ಇಳಿಯತೊಡಗುತ್ತದೆ, ತೊಂಬತ್ತು ದಾಟಿದವರಲ್ಲಿ ನಡುವಯಸ್ಸಿನವರಿಗಿಂತ ಶೇ. 26ರಷ್ಟು ಕಡಿಮೆ.

ಹಾಗಾದರೆ ಮೇಲಿನ ಸೂತ್ರದಲ್ಲಿ ವರ್ಷಕ್ಕೆ ಐದು ಕ್ಯಾಲೊರಿ ಯಾಕೆ ಕಳೆಯುತ್ತೇವೆ? ಸೂತ್ರಕ್ಕೆ ತಕ್ಕಡಿ ತೋರಿಸುವ ತೂಕ ಗೊತ್ತು, ಆ ತೂಕದೊಳಗೆ ಏನಿದೆ ಎಂಬುದು ಗೊತ್ತಿಲ್ಲ. ಮೂವತ್ತರ ನಂತರ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ಮೇಲೆ ಇನ್ನೂ ಬೇಗ. ಅದೇ 74 ಕಿಲೊ ಒಳಗೆ ಮಾಂಸ ಕಡಿಮೆಯಾಗಿ ಕೊಬ್ಬು ಹೆಚ್ಚಾಗುತ್ತಾ ಹೋಗುತ್ತದೆ. ಸೂತ್ರದ ‘ವಯಸ್ಸು’ ಬಹುಮಟ್ಟಿಗೆ ಈ ಒಳಗಿನ ಬದಲಾವಣೆಯ ಇನ್ನೊಂದು ಹೆಸರು.

ಸ್ನಾಯು ಹೋದದ್ದರಿಂದಲೇ ಕ್ಯಾಲೊರಿ ಖರ್ಚು ಭಾರಿ ಇಳಿಯುತ್ತದೆ ಎಂದೂ ತಿಳಿಯಬೇಡಿ. ವಿಶ್ರಾಂತಿಯಲ್ಲಿರುವ ಒಂದು ಕಿಲೊ ಸ್ನಾಯು ದಿನಕ್ಕೆ ಸುಡುವುದು 13 ಕ್ಯಾಲೊರಿ ಅಷ್ಟೇ. ಅದೇ ಒಂದು ಕಿಲೊ ಪಿತ್ತಜನಕಾಂಗ ಸುಮಾರು 200, ಮಿದುಳು 240, ಹೃದಯ ಮತ್ತು ಮೂತ್ರಪಿಂಡ 440. ಮೂರು ಕಿಲೊ ಸ್ನಾಯು ಕರಗಿದರೆ ಖರ್ಚು ಇಳಿಯುವುದು 40 ಕ್ಯಾಲೊರಿ, ಅಂದರೆ ಒಂದೂವರೆ ಮಾರಿ ಬಿಸ್ಕತ್ತು. ಅರವತ್ತರ ನಂತರದ ಇಳಿಕೆಯಲ್ಲಿ ಈ ಒಳಾಂಗಗಳೇ ನಿಧಾನವಾಗುವುದರ ಪಾಲೂ ಇದೆ. ಸ್ನಾಯು ಕರಗಿದರೆ ಆಗುವ ನಿಜವಾದ ನಷ್ಟ ಬೇರೆಯದೇ. ನೆಲದಿಂದ ಏಳಲಾಗುವುದಿಲ್ಲ, ಎಡವಿದಾಗ ಕಾಲು ಸಾವರಿಸಿಕೊಳ್ಳುವುದಿಲ್ಲ, ಜ್ವರ ಬಂದಾಗ ದೇಹ ಸಾಲ ಪಡೆಯಲು ಉಗ್ರಾಣದಲ್ಲಿ ಏನೂ ಇರುವುದಿಲ್ಲ.

ಪ್ರೋಟೀನಿನ ಮಾತು ಬರುವುದು ಇಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಭಾರತೀಯ ವಯಸ್ಕರಿಗೆ ನಿಗದಿ ಮಾಡಿದ ಪ್ರಮಾಣ ಕಿಲೊ ತೂಕಕ್ಕೆ ದಿನಕ್ಕೆ 0.83 ಗ್ರಾಂ. 65 ಕಿಲೊ ಗಂಡಸಿಗೆ 54 ಗ್ರಾಂ, 55 ಕಿಲೊ ಹೆಂಗಸಿಗೆ 46 ಗ್ರಾಂ. ಇದು ಒಳ್ಳೆಯ ಗುಣಮಟ್ಟದ ಪ್ರೋಟೀನಿನ ಲೆಕ್ಕ. ಅಕ್ಕಿ, ರಾಗಿಯೇ ಮುಖ್ಯವಾದ ನಮ್ಮ ಊಟದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಜೀರ್ಣವೂ ಪೂರ್ತಿ ಆಗುವುದಿಲ್ಲ. ಅದಕ್ಕೇ ಕಿಲೊಗೆ ಒಂದು ಗ್ರಾಂ ಎಂದು ಹಿಡಿಯುವುದು ಸುರಕ್ಷಿತ. ಇಪ್ಪತ್ತರಿಂದ ಐವತ್ತರ ಕೊನೆಯವರೆಗೆ ಆರೋಗ್ಯವಂತರಿಗೆ ಈ ಲೆಕ್ಕ ಸಾಕು.

ಅರವತ್ತೈದರ ಆಚೆ ಅಳತೆ ಬದಲಾಗುತ್ತದೆ. ವೃದ್ಧರ ಪೋಷಣೆಯ ಬಗ್ಗೆ ಅಂತರರಾಷ್ಟ್ರೀಯ ತಜ್ಞರ ಗುಂಪುಗಳು 2013 ಮತ್ತು 2014ರಲ್ಲಿ ಒಪ್ಪಿಕೊಂಡದ್ದು ಕಿಲೊಗೆ 1ರಿಂದ 1.2 ಗ್ರಾಂ. ಕಾಯಿಲೆಯಿಂದ ನರಳುತ್ತಿದ್ದರೆ ಅಥವಾ ಆಗಲೇ ಸೊರಗಿದ್ದರೆ 1.2ರಿಂದ 1.5.

ಹೆಚ್ಚು ಬೇಕಾಗುವುದು ಯಾಕೆ ಎಂದರೆ, ಸ್ನಾಯು ದಿನವೂ ಸ್ವಲ್ಪ ಒಡೆದು ಸ್ವಲ್ಪ ಕಟ್ಟಿಕೊಳ್ಳುವ ಗೋಡೆಯಂತೆ. ಊಟದ ಪ್ರೋಟೀನಿನಲ್ಲಿರುವ ಲ್ಯೂಸಿನ್ ಎಂಬ ಅಂಶ ರಕ್ತದಲ್ಲಿ ಒಂದು ಮಟ್ಟಕ್ಕೆ ಏರಿದಾಗ ಕಟ್ಟುವ ಕೆಲಸ ಚುರುಕಾಗುತ್ತದೆ. ವಯಸ್ಸಾದವರ ಸ್ನಾಯುವಿಗೆ ಈ ಕರೆ ಮಂದವಾಗಿ ಕೇಳಿಸುತ್ತದೆ. ಕರುಳು ಮತ್ತು ಪಿತ್ತಜನಕಾಂಗ ಹೆಚ್ಚಿನ ಪಾಲನ್ನು ತಾವೇ ಹಿಡಿದಿಟ್ಟುಕೊಳ್ಳುತ್ತವೆ, ಸ್ನಾಯುವಿಗೆ ರಕ್ತ ಹರಿಯುವುದು ಕಡಿಮೆ, ಅದನ್ನು ದುಡಿಸುವುದೂ ಕಡಿಮೆ. ಒಂದು ಹೊತ್ತಿನ ಊಟದಲ್ಲಿ ಯುವಕರ ಸ್ನಾಯುವಿಗೆ ಕಿಲೊಗೆ ಸುಮಾರು 0.24 ಗ್ರಾಂ ಪ್ರೋಟೀನ್ ಸಾಕಾದರೆ, ಎಪ್ಪತ್ತರ ಆಸುಪಾಸಿನವರಿಗೆ ಸುಮಾರು 0.4 ಗ್ರಾಂ ಬೇಕಾಗುತ್ತದೆ ಎಂದು ಅಳೆದು ನೋಡಿದ್ದಾರೆ. ಹೊತ್ತು ಹೊತ್ತಿಗೆ ಐದಾರು ಗ್ರಾಂ ಹನಿಸಿದರೆ ಆ ಮಟ್ಟ ಮುಟ್ಟುವುದೇ ಇಲ್ಲ.

ಈಗ ನಿಮ್ಮ ಮಗನನ್ನೂ ತಾಯಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಗ ಆಟವಾಡುವ ಹುಡುಗನಾದರೆ ಖರ್ಚು ಸುಮಾರು 2750 ಕ್ಯಾಲೊರಿ. ಪ್ರೋಟೀನ್ ಕಿಲೊಗೆ ಒಂದರಂತೆ 62 ಗ್ರಾಂ. ಒಂದು ಗ್ರಾಂ ಪ್ರೋಟೀನಿಗೆ 4 ಕ್ಯಾಲೊರಿ ಎಂದರೆ 248, ಒಟ್ಟು ಊಟದ ಶೇ. 9. ದಿನಕ್ಕೆ 400 ಗ್ರಾಂ ಅಕ್ಕಿ, ರಾಗಿ, ಗೋಧಿ ತಿನ್ನುವವನಿಗೆ ಅದರಿಂದಲೇ 30 ಗ್ರಾಂ ದಾಟುತ್ತದೆ, ಉಳಿದದ್ದನ್ನು ಬೇಳೆ ಮತ್ತು ಹಾಲು ತುಂಬುತ್ತವೆ. ಅವನು ಪ್ರೋಟೀನಿನ ಬಗ್ಗೆ ಯೋಚಿಸಬೇಕಾಗಿಲ್ಲ, ಹೊಟ್ಟೆ ತುಂಬ ತಿಂದರೆ ಅದು ತಾನಾಗಿ ಬರುತ್ತದೆ. ತೂಕ ಏರದಿರುವುದು ಅವನ ಓಡಾಟದ ಫಲ.

ಅಮ್ಮನಿಗೆ ಸೂತ್ರದಿಂದ 877 ಬರುತ್ತದೆ. ಮನೆಯೊಳಗಿನ ಓಡಾಟಕ್ಕೆ 1.4ರಿಂದ ಗುಣಿಸಿದರೆ 1230 ಕ್ಯಾಲೊರಿ. ಪ್ರೋಟೀನ್ 46 ಕಿಲೊಗೆ 1.2ರಂತೆ 55 ಗ್ರಾಂ, ಒಟ್ಟು ಊಟದ ಶೇ. 18. ಮೊಮ್ಮಗನ ಅರ್ಧದಷ್ಟೂ ತಿನ್ನದವರ ತಟ್ಟೆ ಅವನ ತಟ್ಟೆಗಿಂತ ಎರಡರಷ್ಟು ಗಟ್ಟಿಯಾಗಿರಬೇಕು. ಮೂರು ತಲೆಮಾರಿಗೆ ಒಂದೇ ಅಡುಗೆಯನ್ನು ಒಂದೇ ಹದದಲ್ಲಿ ಬಡಿಸಿದರೆ ಎಡವಟ್ಟಾಗುವುದು ಇಲ್ಲೇ. ‘ಇಷ್ಟು ಸಾಕು’ ಎನ್ನುವ ಅವರ ಮಾತು ಅನ್ನಕ್ಕೆ ಸಲ್ಲುತ್ತದೆ, ಬೇಳೆಗೆ ಸಲ್ಲುವುದಿಲ್ಲ.

ನೀವು ಬರೆದ ಊಟವನ್ನೇ ಅಂದಾಜು ತೂಗಿ ನೋಡೋಣ. ಎರಡು ಲೋಟ ಕಾಫಿಗೆ ಸೇರುವ ಹಾಲು 120 ಮಿ.ಲೀ., ಅದರಲ್ಲಿ ಪ್ರೋಟೀನ್ 4 ಗ್ರಾಂ. ಎರಡು ರಸ್ಕಿನಲ್ಲಿ 2. ಒಂದು ಬಟ್ಟಲು ಉಪ್ಪಿಟ್ಟಿಗೆ 50 ಗ್ರಾಂ ರವೆ, 5 ಗ್ರಾಂ. ಮಧ್ಯಾಹ್ನ 50 ಗ್ರಾಂ ರಾಗಿಹಿಟ್ಟಿನ ಅರ್ಧ ಮುದ್ದೆಯಲ್ಲಿ ಮೂರೂವರೆ, ತೆಳು ಸಾರಿನಲ್ಲಿ 2, ಒಂದು ಹಿಡಿ ಅಕ್ಕಿಯ ಅನ್ನದಲ್ಲಿ 3, ಮಜ್ಜಿಗೆಯಲ್ಲಿ ಒಂದೂವರೆ. ಸಂಜೆ ನಾಲ್ಕು ಬಿಸ್ಕತ್ತು ಇದ್ದರೆ 2. ರಾತ್ರಿಯ ಅನ್ನ ಸಾರಿಗೆ 6. ಒಟ್ಟು 29 ಗ್ರಾಂ. ಇದೇ ಊಟದ ಕ್ಯಾಲೊರಿ ಕೂಡಿಸಿದರೆ ಸುಮಾರು 1230 ಆಗುತ್ತದೆ. ಪೂರ್ತಿ ಉಂಡ ದಿನ ಶಕ್ತಿಯ ಲೆಕ್ಕ ಸರಿಯಾಗಿಯೇ ಇದೆ, ಪ್ರೋಟೀನ್ ಮಾತ್ರ ಬೇಕಾದ್ದರ ಅರ್ಧ. ಹಸಿವಿಲ್ಲವೆಂದು ರಾತ್ರಿ ಬಿಟ್ಟ ದಿನ ಎರಡೂ ಕಡಿಮೆ.

ನಮ್ಮ ಅಡುಗೆಯ ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಲೇಬೇಕು. ಮನೆಯಲ್ಲಿ ದಿನವೂ ಬೇಳೆ ಬೇಯುತ್ತದೆ, ಆದರೆ ಅಮ್ಮನ ತಟ್ಟೆಗೆ ಬೇಳೆ ಬಂದಿರುವುದಿಲ್ಲ. ಬಸ್ಸಾರು ಮಾಡಿದ ದಿನ ಕಾಳು, ಸೊಪ್ಪು ಬಸಿದು ಪಲ್ಯವಾಗುತ್ತದೆ, ಕಟ್ಟು ಸಾರಾಗುತ್ತದೆ. ಹಲ್ಲಿಲ್ಲದವರು ಪಲ್ಯ ಬಿಟ್ಟು ಸಾರನ್ನಷ್ಟೇ ಮುದ್ದೆಗೆ ಹಾಕಿಸಿಕೊಳ್ಳುತ್ತಾರೆ. ಪ್ರೋಟೀನಿನ ಬಹುಪಾಲು ಉಳಿಯುವುದು ಕಾಳಿನಲ್ಲಿ, ಕಟ್ಟಿನಲ್ಲಲ್ಲ. ತಿಳಿ ಸಾರಿನದೂ ಇದೇ ಕತೆ: ಬೇಳೆ ತಳದಲ್ಲಿ ಕೂತಿರುತ್ತದೆ, ‘ಮೇಲಿನ ತಿಳಿ ಸ್ವಲ್ಪ ಹಾಕು’ ಎನ್ನುತ್ತಾರೆ. ಹಿರಿಯರಿಗೆ ಪಲ್ಯದ ಕಾಳನ್ನು ಮಸೆದು ಸಾರಿಗೇ ಬೆರೆಸಿ, ಅಥವಾ ಸೌಟನ್ನು ತಳದವರೆಗೆ ಇಳಿಸಿ ಬಡಿಸಿ.

ಹೊಸ ಲೆಕ್ಕಕ್ಕೆ ಮೂರು ಹೊತ್ತು ಹಿಡಿಯೋಣ. 46 ಕಿಲೊಗೆ 0.4ರಂತೆ ಹೊತ್ತಿಗೆ 18 ಗ್ರಾಂ ಬೇಕು. ಬೆಳಿಗ್ಗೆ ಉಪ್ಪಿಟ್ಟಿನ ಬದಲು 40 ಗ್ರಾಂ ಹೆಸರುಬೇಳೆ ನೆನೆಸಿ ರುಬ್ಬಿದ ಎರಡು ಮೆತ್ತನೆ ದೋಸೆ, ಒಂದು ಚಮಚೆ ಕಡಲೇಕಾಯಿ ಚಟ್ನಿ, 200 ಮಿ.ಲೀ. ಹಾಲು. ಇಷ್ಟರಲ್ಲಿ 18 ಬರುತ್ತದೆ. ರಸ್ಕು ಬಿಡಲಿ, ಬೆಳಗಿನ ಕಾಫಿ ಇರಲಿ, ಅದನ್ನು ಕಿತ್ತುಕೊಂಡರೆ ಉಳಿದದ್ದೂ ನಡೆಯುವುದಿಲ್ಲ. ಮಧ್ಯಾಹ್ನ ಅದೇ ಅರ್ಧ ಮುದ್ದೆ, ಆದರೆ 30 ಗ್ರಾಂ ಬೇಳೆಯ ಗಟ್ಟಿ ಹುಳಿ, ಮಜ್ಜಿಗೆಯ ಬದಲು ಒಂದು ಬಟ್ಟಲು ಗಟ್ಟಿ ಮೊಸರು, ತಿನ್ನುವವರಾದರೆ ಒಂದು ಬೆಂದ ಮೊಟ್ಟೆ. 21 ಗ್ರಾಂ. ಮೊಟ್ಟೆ ಬೇಡವೆಂದರೆ 40 ಗ್ರಾಂ ಪನೀರನ್ನು ಪುಡಿ ಮಾಡಿ ಹುಳಿಗೆ ಹಾಕಿದರೂ ಅಷ್ಟೇ. ಮುದ್ದೆ, ಹುಳಿ, ಮೊಸರು ಮೊದಲು, ಅನ್ನ ಕೊನೆಗೆ ಒಂದು ತುತ್ತು. ಮೊದಲು ಅನ್ನ ಸಾರು ಉಂಡರೆ ಹೊಟ್ಟೆ ತುಂಬಿ ಮೊಸರು ತಟ್ಟೆಯಲ್ಲೇ ಉಳಿಯುತ್ತದೆ. ರಾತ್ರಿ 35 ಗ್ರಾಂ ಅಕ್ಕಿಗೆ 35 ಗ್ರಾಂ ಹೆಸರುಬೇಳೆ, ಸರಿಸಮ ಹಾಕಿ ಮೆತ್ತಗೆ ಬೇಯಿಸಿದ ಖಾರದ ಪೊಂಗಲ್, ಒಂದು ಚಮಚೆ ತುಪ್ಪ, ಮಲಗುವ ಮುನ್ನ ಒಂದು ಲೋಟ ಹಾಲು. 17 ಗ್ರಾಂ.

ಒಟ್ಟು 56 ಗ್ರಾಂ ಪ್ರೋಟೀನ್. ಕಾಫಿ ಮತ್ತು ಒಂದು ಬಾಳೆಹಣ್ಣು ಸೇರಿಸಿದರೆ ಸುಮಾರು 1400 ಕ್ಯಾಲೊರಿ. 1230ಕ್ಕಿಂತ ಇದು ಬೇಕೆಂದೇ ಹೆಚ್ಚು, ಏಕೆಂದರೆ ಕಳೆದುಕೊಂಡ ತೂಕ ಮರಳಬೇಕು. ಅಷ್ಟು ಹಾಲು ಕುಡಿಯಲಾಗದಿದ್ದರೆ ಅರ್ಧ ಲೋಟಕ್ಕೆ ಎರಡು ಚಮಚೆ ಕೆನೆರಹಿತ ಹಾಲಿನ ಪುಡಿ ಕಲಸಿ. 15 ಗ್ರಾಂ ಪುಡಿಯಲ್ಲಿ 5 ಗ್ರಾಂ ಪ್ರೋಟೀನ್ ಇರುತ್ತದೆ. ದುಬಾರಿ ಡಬ್ಬಗಳನ್ನು ಕೊಳ್ಳುವ ಮೊದಲು ಲೇಬಲ್ಲಿನಲ್ಲಿ ‘ಒಂದು ಸಲದ ಪ್ರಮಾಣಕ್ಕೆ’ ಎಂಬ ಸಾಲಿನಲ್ಲಿ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು ಎಂದು ಓದಿ, ಹಾಲಿನ ಪುಡಿಯ ಜೊತೆ ಹೋಲಿಸಿ. ಒಮ್ಮೆಲೇ ಬದಲಿಸಲೂ ಹೋಗಬೇಡಿ. ಬೇಳೆ ಏಕಾಏಕಿ ಎರಡರಷ್ಟಾದರೆ ಹೊಟ್ಟೆ ಉಬ್ಬರಿಸಿ ಮೂರನೇ ದಿನಕ್ಕೆ ‘ನನಗೆ ಗಂಜಿಯೇ ಸಾಕು’ ಎನ್ನುತ್ತಾರೆ. ಮೊದಲ ವಾರ ಬೆಳಗಿನದು, ಎರಡನೇ ವಾರ ಮಧ್ಯಾಹ್ನದ್ದು, ಮೂರನೇ ವಾರ ರಾತ್ರಿಯದು. ಉದ್ದು, ಕಡಲೆಗಿಂತ ಹೆಸರುಬೇಳೆ ಹಗುರ.

ಇದಕ್ಕೆ ಮೊದಲು ಎರಡು ಕೆಲಸ ಆಗಲೇಬೇಕು. ಬೇಕೆಂದು ಇಳಿಸದೆ ವರ್ಷದಲ್ಲಿ 4 ಕಿಲೊ ಹೋಗಿದೆ ಎಂದರೆ ಶೇ. 8. ಶೇ. 5 ದಾಟಿದರೇ ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ, ಗಡ್ಡೆ, ಮನಸ್ಸಿನ ಖಿನ್ನತೆ, ಹಸಿವು ಕುಗ್ಗಿಸುವ ಮಾತ್ರೆ, ಸಡಿಲವಾದ ಹಲ್ಲುಸೆಟ್ಟು, ಇವುಗಳಲ್ಲಿ ಯಾವುದಾದರೂ ಇರಬಹುದು. ಅದನ್ನು ಹುಡುಕದೆ ಬೇಳೆ ಹೆಚ್ಚಿಸಿದರೆ ಕಾಯಿಲೆಯನ್ನು ಮುಚ್ಚಿಟ್ಟಂತಾಗುತ್ತದೆ. ಎರಡನೆಯದು ಮೂತ್ರಪಿಂಡದ ಪರೀಕ್ಷೆ. ರಕ್ತದ ಕ್ರಿಯಾಟಿನಿನ್ ನೋಡಿ, ಮೂತ್ರಪಿಂಡ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ಹೇಳುವ ಇಜಿಎಫ್‌ಆರ್ ಲೆಕ್ಕ ಹಾಕಿಸಿ. ವಯಸ್ಸಾದವರಲ್ಲಿ ಕ್ರಿಯಾಟಿನಿನ್ ‘ನಾರ್ಮಲ್’ ಎಂದು ತೋರಿದರೂ ಇಜಿಎಫ್‌ಆರ್ ಕಡಿಮೆ ಇರಬಹುದು, ಆ ಸಂಖ್ಯೆಯನ್ನು ಕೇಳಿಯೇ ಪಡೆಯಿರಿ. ಅದು 30ಕ್ಕಿಂತ ಕೆಳಗಿದ್ದು ಡಯಾಲಿಸಿಸ್ ಇಲ್ಲದಿದ್ದರೆ ಮೇಲಿನ ಲೆಕ್ಕ ಅವರಿಗಲ್ಲ. 30ರಿಂದ 60ರ ನಡುವೆ ಇದ್ದರೂ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು. ಮೂತ್ರಪಿಂಡ ಸರಿಯಿದ್ದವರಿಗೆ ಕಿಲೊಗೆ 1.2 ಗ್ರಾಂ ತಿಂದರೆ ಕಿಡ್ನಿ ಕೆಡುತ್ತದೆ ಎಂಬ ಭಯ ಬೇಡ.

ಊಟ ಸರಿಯಾದರೂ ಕಾಲಿಗೆ ಕೆಲಸವಿಲ್ಲದಿದ್ದರೆ ಕಟ್ಟುವ ಕರೆ ಮಂದವಾಗಿಯೇ ಉಳಿಯುತ್ತದೆ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಲ್ಲಿ ಕೂತು, ಕೈ ಊರದೆ ಎದ್ದು ಕೂರುವುದನ್ನು ಹತ್ತು ಸಲ, ನಡುವೆ ವಿಶ್ರಾಂತಿ ಕೊಟ್ಟು ಎರಡು ಮೂರು ಸರದಿ, ವಾರಕ್ಕೆ ಮೂರು ದಿನ ಮಾಡಿಸಿ. ಮೊದಮೊದಲು ಕೈ ಊರಿದರೂ ಸರಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ. ವಾಕಿಂಗ್ ಒಳ್ಳೆಯದೇ, ಆದರೆ ತೊಡೆಗೆ ಬೇಕಾದ ಭಾರ ಅದರಿಂದ ಬೀಳುವುದಿಲ್ಲ.

ಇನ್ನು ನಿಮ್ಮದು. 2180 ಕ್ಯಾಲೊರಿ ತಿಂದರೆ ನೀವು 74ರಲ್ಲೇ ನಿಲ್ಲುತ್ತೀರಿ. ನಿಮ್ಮ ಎತ್ತರಕ್ಕೆ 65ರ ಆಸುಪಾಸು ಒಳ್ಳೆಯದು. ದಿನಕ್ಕೆ 300ರಿಂದ 400 ಕಡಿಮೆ ಮಾಡಿ, ಅದನ್ನು ಅನ್ನ, ಎಣ್ಣೆ, ಸಂಜೆಯ ಬೋಂಡ, ಕಾಫಿಯ ಸಕ್ಕರೆಯಿಂದ ಕಳೆಯಿರಿ. ಬೇಳೆ, ಮೊಸರಿನಿಂದ ಕಳೆಯಬೇಡಿ. ತೂಕ ಇಳಿಸುವಾಗ ಪ್ರೋಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ನಲವತ್ತೇಳರಲ್ಲಿ ಅದನ್ನು ಮತ್ತೆ ಕಟ್ಟುವುದು ಇಪ್ಪತ್ಮೂರರಷ್ಟು ಸುಲಭವಲ್ಲ. ದಿನಕ್ಕೆ 70ರಿಂದ 75 ಗ್ರಾಂ ಇಟ್ಟುಕೊಳ್ಳಿ. ನಿಮ್ಮ ಮನೆಯವರೂ ನಲವತ್ತರ ಮೇಲಿನವರಾದರೆ ಕಿಲೊಗೆ ಒಂದು ಗ್ರಾಂ ಅವರ ತಟ್ಟೆಗೂ ಬರುತ್ತಿದೆಯೇ ನೋಡಿ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವರಿಗೆ ಹೆಚ್ಚಾಗಿ ಉಳಿಯುವುದು ಅನ್ನವೇ.

ಅಮ್ಮನ ಊಟ ಫಲಿಸುತ್ತಿದೆಯೇ ಎಂದು ತಿಳಿಯಲು ತಕ್ಕಡಿಯೊಂದೇ ಸಾಲದು, ಕಾಲು ಊದಿಕೊಂಡರೂ ತೂಕ ಏರುತ್ತದೆ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ತಿಂಡಿಗೆ ಮುಂಚೆ ತೂಗಿ. ತಿಂಗಳಿಗೊಮ್ಮೆ ಮೀನಖಂಡದ ದಪ್ಪನೆಯ ಭಾಗವನ್ನು ಟೈಲರ್ ಟೇಪಿನಿಂದ ಅಳೆಯಿರಿ. ಏಷ್ಯಾದವರಿಗೆ 2019ರಲ್ಲಿ ಗೊತ್ತುಪಡಿಸಿದ ಗಡಿ ಹೆಂಗಸರಿಗೆ 33 ಸೆಂ.ಮೀ., ಗಂಡಸರಿಗೆ 34. ಅದಕ್ಕಿಂತ ಕಡಿಮೆಯಿದ್ದರೆ ಸ್ನಾಯು ಸೊರಗಿರುವ ಶಂಕೆ. ಜೊತೆಗೆ ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಮೊಬೈಲಿನಲ್ಲಿ ನೋಡಿ ಕ್ಯಾಲೆಂಡರಿನ ಮೇಲೆ ಬರೆದಿಡಿ. 12 ಸೆಕೆಂಡ್ ಅಥವಾ ಹೆಚ್ಚಾದರೆ ಕಾಲಿನ ಬಲ ಕುಂದಿದೆ ಎಂದರ್ಥ. ಬಲ ಮೊದಲು ಮರಳುತ್ತದೆ, ಗಾತ್ರ ಆಮೇಲೆ. ಹಾಗಾಗಿ ಎರಡು ಮೂರು ತಿಂಗಳಲ್ಲಿ ಟೇಪು ಅಲ್ಲೇ ನಿಂತಿದ್ದರೂ ಸೆಕೆಂಡು ಇಳಿದಿದ್ದರೆ ಊಟವೂ ಕುರ್ಚಿಯ ಅಭ್ಯಾಸವೂ ನಾಟುತ್ತಿವೆ. ಮೂರೂ ಅಲುಗದಿದ್ದರೆ, ಅಥವಾ ತೂಕ ಇನ್ನೂ ಇಳಿಯುತ್ತಿದ್ದರೆ, ಆ ಕ್ಯಾಲೆಂಡರನ್ನೇ ಹಿಡಿದು ಮತ್ತೆ ವೈದ್ಯರ ಬಳಿಗೆ ಹೋಗಿ.